ಭಾವನಿಗೆ ಕನ್ನಡದಲ್ಲಿ ಒಂದು ನಿಮಿಷದ ಪ್ರೀತಿಯ ಮಾತು ಬರೆದುಕೊಡಬೇಕು, ಓದುವಾಗ ನಾಲಿಗೆ ಎಡವಬಾರದು

ಹಾಸನದ ತಮ್ಮ

ಅಕ್ಕನ ಮದುವೆ ಮುಂದಿನ ತಿಂಗಳು, ಹಾಸನದಲ್ಲಿ. ಭಾವ ಲಖನೌ ಕಡೆಯವರು, ಮನೆಮಾತು ಹಿಂದಿ, ಕೆಲಸ ಬೆಂಗಳೂರಲ್ಲಿ. ಆರತಕ್ಷತೆ ದಿನ ಮೈಕ್ ಹಿಡಿದು ಅಕ್ಕನಿಗೆ ಕನ್ನಡದಲ್ಲೇ ನಾಲ್ಕು ಪ್ರೀತಿಯ ಮಾತು ಆಡಬೇಕು ಅಂತ ಅವರಿಗೆ ಆಸೆ. ಅಕ್ಕನಿಗೆ ಇದು ಗೊತ್ತಿಲ್ಲ, ಹಾಗಾಗಿ ಬರೆದುಕೊಡುವ ಕೆಲಸ ನನ್ನ ತಲೆಗೆ ಬಿತ್ತು. ಅವರಿಗೆ ಕನ್ನಡ ಕೇಳಿದರೆ ಸುಮಾರಾಗಿ ಅರ್ಥ ಆಗುತ್ತೆ, ಮಾತಾಡೋದು ಕಷ್ಟ, ಅಕ್ಷರ ಓದಲು ಬರಲ್ಲ. ನಾನು ಬರೆದದ್ದು ಇದು:

"ಎಲ್ಲರಿಗೂ ನಮಸ್ಕಾರ. ಬಾಳ ಸಂಗಾತಿಯಾಗಿ ನನ್ನ ಜೀವನಕ್ಕೆ ಬೆಳಕು ತಂದ ಒಳ್ಳೆಯ ಹೃದಯದ ನಿಮ್ಮ ಮಗಳನ್ನು ಕೊನೆಯವರೆಗೂ ಪ್ರೀತಿಸುತ್ತೇನೆ ಎಂದು ಹೇಳಲು ಹೆಮ್ಮೆಪಡುತ್ತೇನೆ. ನನ್ನನ್ನು ಮನೆ ಮಗನಂತೆ ಕಂಡ ಅತ್ತೆ ಮಾವನವರಿಗೆ ಹೃತ್ಪೂರ್ವಕ ಕೃತಜ್ಞತೆಗಳನ್ನು ಸಲ್ಲಿಸುತ್ತೇನೆ."

ಫೋನಲ್ಲಿ ಓದಿಸಿದೆ. ಎರಡನೇ ವಾಕ್ಯದ ಅರ್ಧಕ್ಕೇ ಉಸಿರು ಸಾಲದೆ ನಿಂತುಬಿಟ್ಟರು. ಹೇಗೆ ಸರಿ ಮಾಡಲಿ?

ಪದಮೋಹಿ

ಚೆನ್ನಾಗಿದೆಯಲ್ಲ, ಯಾಕೆ ಬದಲಾಯಿಸ್ತೀರಿ? ಉದ್ದ ಆಯ್ತು ಅಷ್ಟೇ, ಎರಡು ಕಡೆ ಮುರಿಯಿರಿ. ಇನ್ನೊಂದು ಉಪಾಯ ಹೇಳ್ತೀನಿ. ಹಿಂದಿಯವರಿಗೆ ಸಂಸ್ಕೃತ ಪದಗಳು ಮೊದಲೇ ಗೊತ್ತಿರುತ್ತವೆ. ಜೀವನ, ಪ್ರೇಮ, ಹೃದಯ, ಆನಂದ, ಕೃತಜ್ಞತೆ ಇಂಥವನ್ನೇ ಜಾಸ್ತಿ ಹಾಕಿ. ಅರ್ಥ ಹೇಳಿಕೊಡುವ ಕೆಲಸವೇ ಇಲ್ಲ.

ಸಂಜೆ ಕ್ಲಾಸಿನ ಟೀಚರ್

ನಾನು ಬೆಂಗಳೂರಲ್ಲಿ ಹೊರಗಿನಿಂದ ಬಂದವರಿಗೆ ಸಂಜೆ ಹೊತ್ತು ಮಾತಿನ ಕನ್ನಡ ಕಲಿಸ್ತೀನಿ. ಹಿಂದಿ ಮನೆಮಾತಿನವರು ತುಂಬಾ ಜನ ಬರ್ತಾರೆ. ಪದಮೋಹಿ ಅವರು ಹೇಳಿದ್ದು ಅರ್ಥದ ಮಟ್ಟಿಗೆ ಸರಿ. ಆದರೆ ಇದು ಮೈಕ್ ಮುಂದೆ ಓದುವ ಮಾತು. ಗೊತ್ತಿರುವ ಪದ ಬಂದ ತಕ್ಷಣ ನಾಲಿಗೆ ಹಿಂದಿ ದಾರಿ ಹಿಡಿಯುತ್ತೆ. ಜೀವನ ಹೋಗಿ ಜೀವನ್ ಆಗುತ್ತೆ, ಪ್ರೇಮ ಹೋಗಿ ಪ್ರೇಮ್ ಆಗುತ್ತೆ. ಕೃತಜ್ಞತೆಯನ್ನಂತೂ ಹಿಂದಿಯವರು 'ಕ್ರಿತಗ್ಯತಾ' ಅಂತಾರೆ, ಅಲ್ಲಿ ಅದೇ ಸರಿ. ಹೊಸ ಪದವಾದರೆ ಹೇಳಿಕೊಟ್ಟ ಹಾಗೆ ಕಲಿತಾರೆ. ಹಳೇ ಪದದ ಅಭ್ಯಾಸ ಬಿಡಿಸೋದು ಅದಕ್ಕಿಂತ ಕಷ್ಟ.

ಈಗ ತಮ್ಮಾ, ನಿನ್ನ ಕರಡಿಗೆ ಬರೋಣ. ಅದರಲ್ಲಿ ಎಷ್ಟು ಕಡೆ ಳ ಇದೆ ನೋಡು. ಬಾಳ, ಬೆಳಕು, ಒಳ್ಳೆಯ, ಮಗಳನ್ನು, ಹೇಳಲು, ಕೃತಜ್ಞತೆಗಳನ್ನು. ಲಖನೌದ ಹಿಂದಿಯಲ್ಲಿ ಳ ಇಲ್ಲ. ಮರಾಠಿ, ರಾಜಸ್ಥಾನಿ, ಹರಿಯಾಣ್ವಿ, ಪಂಜಾಬಿ ಮಾತಾಡುವವರಿಗೆ ಇದೆ, ಅವರಿಗೆ ಇಷ್ಟು ತೊಂದರೆ ಇಲ್ಲ. ನಿಮ್ಮ ಭಾವ ಎಲ್ಲವನ್ನೂ ಲ ಅಂತಾನೇ ಓದುತ್ತಾರೆ. ಆಗ 'ಬಾಲ ಸಂಗಾತಿ' ಆಗುತ್ತೆ. 'ಒಳ್ಳೆ' ಹೋಗಿ 'ಒಲ್ಲೆ' ಆಗುತ್ತೆ. ಮದುವೆ ಮಂಟಪದಲ್ಲಿ ಗಂಡು ನಿಂತು ಒಲ್ಲೆ ಅನ್ನಬಾರದು! 'ಹೇಳಲು' ಏನಾಗುತ್ತೆ ಅಂತ ನಾನು ಇಲ್ಲಿ ಬರೆಯಲ್ಲ, ಓದುವವರಿಗೆಲ್ಲ ಗೊತ್ತು.

ಹಾಸನದ ತಮ್ಮ

ಅಯ್ಯೋ! ಫೋನಲ್ಲಿ ಓದುವಾಗ ನಮ್ಮಮ್ಮ ಯಾಕೆ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದರು ಅಂತ ಈಗ ಗೊತ್ತಾಯಿತು.

ರಾಗಿಮುದ್ದೆ ರಾಜ

ಹುಡುಗಿ ಹಿಂದಿಯವಳಾದರೆ ಮೊದಲು ಅವರ ಮನೆಯವರ ಹತ್ತಿರ ಮಾತಾಡಿ ಬ್ರದರ್. ಸ್ಟೇಜ್ ಮೇಲೆ ಹಿಂದಿಯಲ್ಲಿ ಪ್ರಪೋಸ್ ಮಾಡೋದೆಲ್ಲ ರಿಸ್ಕು. ಬೇಕಾದರೆ ನಾಲ್ಕು ಲೈನ್ ಶಾಯರಿ ಕಳಿಸ್ತೀನಿ.

ಹಾಸನದ ತಮ್ಮ

ಪ್ರಪೋಸ್ ಅಲ್ಲಣ್ಣ, ಮದುವೆ ಗೊತ್ತಾಗಿದೆ. ಹುಡುಗಿ ನಮ್ಮಕ್ಕ. ಹಿಂದಿಯವರು ಭಾವ.

ಪುತ್ತೂರಿನ ಸೊಸೆ

ನಾನು ಶಿವಮೊಗ್ಗದವಳು, ಮದುವೆಯಾಗಿದ್ದು ತುಳು ಮನೆಗೆ. ಗೃಹಪ್ರವೇಶದ ದಿನ ತುಳುವಿನಲ್ಲಿ ಎರಡು ಮಾತು ಆಡು ಅಂತ ಎಲ್ಲರೂ ಹಟ ಹಿಡಿದರು. ಗಂಡ ಬರೆದುಕೊಟ್ಟ ಚೀಟಿ ಎಷ್ಟು ಚೆನ್ನಾಗಿತ್ತು ಅಂದರೆ ನನಗೆ ಒಂದಕ್ಷರ ಹೊರಡಲಿಲ್ಲ. ಕೊನೆಗೆ ಅತ್ತೆಯನ್ನು ನೋಡಿ "ನಿಕ್ಲೆಗ್ ಮಾತೆರೆಗ್ಲಾ ಸೊಲ್ಮೆಲು" ಅಂತ, ಅಂದರೆ ನಿಮಗೆಲ್ಲರಿಗೂ ಧನ್ಯವಾದ ಅಂತ, ಅಷ್ಟೇ ಹೇಳಿದೆ. ಅದಕ್ಕೇ ಚಪ್ಪಾಳೆ ಬಿತ್ತು. ಭಾವನಿಗೂ ಒಂದೇ ವಾಕ್ಯ ಕೊಡಿ, ಸಾಕು. ಉಳಿದಿದ್ದು ಹಿಂದಿಯಲ್ಲೋ ಇಂಗ್ಲಿಷಲ್ಲೋ ಮಾತಾಡಲಿ.

ಹಾಸನದ ತಮ್ಮ

ಅದನ್ನೂ ಹೇಳಿ ನೋಡಿದೆ ಅಕ್ಕಾ, ಒಪ್ಪಲ್ಲ. ಮುಂದಿನ ಸಾಲಲ್ಲಿ ಅಜ್ಜಿ ಕೂತಿರ್ತಾರೆ, ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ, ಪೂರ್ತಿ ಕನ್ನಡದಲ್ಲೇ ಇರಬೇಕು ಅಂತಾರೆ. ಟೀಚರ್, ಳ ಇಲ್ಲದೆ ಬರೆಯೋದು ಹೇಗೆ? ಅವಳು, ಇವಳು, ಮಗಳು, ಬಂದಳು, ಎಲ್ಲದರಲ್ಲೂ ಳ ಇದೆಯಲ್ಲ.

ಸಂಜೆ ಕ್ಲಾಸಿನ ಟೀಚರ್

ಸರಿಯಾದ ಕಡೆ ಕೈ ಇಟ್ಟೆ. ಅಕ್ಕನ ಬಗ್ಗೆ ಮಾತಾಡಿದರೆ ಳ ತಪ್ಪಿಸೋಕೆ ಆಗಲ್ಲ. ಹಾಗಾಗಿ ಅಕ್ಕನ ಬಗ್ಗೆ ಬೇಡ, ಅಕ್ಕನ ಜೊತೆ ಮಾತಾಡಲಿ. ನೀನು, ನಿನ್ನ, ನಿನಗೆ. ಒಂದರಲ್ಲೂ ಳ ಇಲ್ಲ. ಜನರ ಕಡೆ ಮುಖ ಮಾಡಿ ನಮಸ್ಕಾರ ಹೇಳಿ, ಆಮೇಲೆ ಅಕ್ಕನ ಕಡೆ ತಿರುಗಿ ಉಳಿದಿದ್ದು ಹೇಳಲಿ. ಪ್ರೀತಿಯ ಮಾತು ಹೇಗೂ ಹಾಗೇ ಅಲ್ವಾ ಇರಬೇಕಾದ್ದು.

ಇದರಲ್ಲಿ ಇನ್ನೊಂದು ಅನುಕೂಲ ಇದೆ. ನಡೆದುಹೋದ ಸಂಗತಿ ಹೇಳುವಾಗ ನಾನು, ನೀನು ಎರಡಕ್ಕೂ ಕ್ರಿಯಾಪದ ಒಂದೇ ತರ ಮುಗಿಯುತ್ತೆ. ನಾನು ಬಂದೆ, ನೀನು ಬಂದೆ. ನಾನು ನಕ್ಕೆ, ನೀನು ನಕ್ಕೆ. ಪ್ರೀತಿಸುತ್ತೇನೆ, ಹೆಮ್ಮೆಪಡುತ್ತೇನೆ, ಸಲ್ಲಿಸುತ್ತೇನೆ ಇವೆಲ್ಲ ತೆಗೆದುಹಾಕು. ಆ 'ಉತ್ತೇನೆ' ಬರುವ ಹೊತ್ತಿಗೆ ಉಸಿರು ಮುಗಿದಿರುತ್ತೆ, ಅಲ್ಲೇ ಒತ್ತಕ್ಷರವೂ ಬರುತ್ತೆ, ಅದರ ಮೇಲೆ ದೀರ್ಘವೂ ಬರುತ್ತೆ. 'ನನ್ನನ್ನು' ಅನ್ನೋದನ್ನೂ ತೆಗೆ. ಒಂದೇ ಪದದಲ್ಲಿ ಎರಡು ಸಲ ನ್ನ, ನಮ್ಮವರೇ ಗಡಿಬಿಡಿಯಲ್ಲಿ ನುಂಗಿಬಿಡ್ತಾರೆ.

ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದೆ ಎಷ್ಟೋ ವಾಕ್ಯ ನಿಲ್ಲುತ್ತೆ, ಅದನ್ನು ಬಳಸಿಕೋ. "ನಿನ್ನ ಮೇಲೆ ನನಗೆ ತುಂಬಾ ಪ್ರೀತಿ." ಮುಗೀತು. ತಪ್ಪಾಗೋಕೆ ಅಲ್ಲಿ ಏನೂ ಇಲ್ಲ. "ನನಗೆ ಇಷ್ಟ" ಅನ್ನುವ ರೀತಿ ಹಿಂದಿಯಲ್ಲೂ ಇದೆ, ಅವರಿಗೆ ಹೊಸದು ಅನ್ನಿಸಲ್ಲ.

ಧಾರವಾಡದ ಮಂದಿ

ಎಲ್ಲಾ ಛಲೋ ಅದ ಟೀಚರ, ಆದ್ರ ಮಾತು ಅಂದಮ್ಯಾಲ ಮಣ್ಣಿನ ವಾಸನಿ ಇರಬೇಕ್ರಿ. "ಭಾಳ ಖುಷಿ ಆಗೇತಿ" ಅಂತ ಒಂದ ಮಾತ ಹಾಕ್ರಿ, ಹಾಲ್ ತುಂಬ ಸಿಳ್ಳೆ ಬೀಳ್ತಾವ.

ಸಂಜೆ ಕ್ಲಾಸಿನ ಟೀಚರ್

ಸರ್, ಭಾಳದಲ್ಲಿ ಮತ್ತೆ ಳ ಇದೆ! ಮತ್ತೆ ಹಾಸನದ ಅಜ್ಜಿಗೆ ಧಾರವಾಡದ ಮಾತು ಯಾಕೆ ಸರ್? ಭಾವ ಬೆಂಗಳೂರಲ್ಲಿ ದಿನಾ ಕೇಳಿಸಿಕೊಳ್ಳುವ ಕನ್ನಡಾನೇ ಇರಲಿ, ಕಿವಿಗೆ ಅಭ್ಯಾಸ ಆಗಿರುತ್ತೆ.

ಧಾರವಾಡದ ಮಂದಿ

ಹಂಗಾರ ಬೆಂಗಳೂರ ಕನ್ನಡಾನ ಎಲ್ಲಾ ಕಡೆ ನಡೀಲಿ ಅಂತೀರಿ. ಇರ್ಲಿ ಬಿಡ್ರಿ, ಮದುವಿ ನಿಮ್ಮದು.

ಹಾಸನದ ತಮ್ಮ

ಟೀಚರ್ ಹೇಳಿದ ಹಾಗೆ ಪೂರ್ತಿ ಹೊಸದಾಗಿ ಬರೆದೆ, ನೋಡಿ.

"ಎಲ್ಲರಿಗೂ ನಮಸ್ಕಾರ. ನನಗೆ ಕನ್ನಡ ಸ್ವಲ್ಪ ಬರುತ್ತೆ. ತಪ್ಪಾದರೆ ನಗಿ. (ಅಕ್ಕನ ಹೆಸರು), ನಿನಗೆ ಒಂದು ಮಾತು. ಮೊದಲ ದಿನ ನೀನು ನಕ್ಕೆ. ನಾನು ಸೋತೆ. ನಿನ್ನ ಮಾತು ಇಷ್ಟ. ನಿನ್ನ ಕೋಪ ಇಷ್ಟ. ನೀನು ಎಲ್ಲಿ, ನಾನು ಅಲ್ಲಿ. ನಿನ್ನ ಮೇಲೆ ನನಗೆ ತುಂಬಾ ಪ್ರೀತಿ. ಅತ್ತೆ, ಮಾವ, ನಿಮ್ಮ ಮನೆ ನನ್ನ ಮನೆ. ನಾನು ನಿಮ್ಮ ಮಗ. ಅಜ್ಜಿ, ನಿಮ್ಮ ಅಕ್ಕಿ ರೊಟ್ಟಿ ನನಗೆ ತುಂಬಾ ಇಷ್ಟ. ಎಲ್ಲರೂ ಊಟ ಮಾಡಿ ಹೋಗಿ."

ಅಕ್ಕಿ ರೊಟ್ಟಿ ಸುಮ್ನೆ ಸೇರಿಸಿದ್ದಲ್ಲ. ಮೊದಲ ಸಲ ಮನೆಗೆ ಬಂದಾಗ ಭಾವ ತಟ್ಟೆ ಮುಂದೆಯೇ ಕೂತುಬಿಟ್ಟಿದ್ದರು, ಅಜ್ಜಿ ಕಾವಲಿ ಇಳಿಸೋಕೇ ಆಗಿರಲಿಲ್ಲ.

ಪುತ್ತೂರಿನ ಸೊಸೆ

"ನೀನು ನಕ್ಕೆ. ನಾನು ಸೋತೆ." ಆಹಾ! ಇದೊಂದೇ ಸಾಕು ಅಂತ ಈಗಲೂ ಅಂತೀನಿ.

ಮಂಡ್ಯ ಎಕ್ಸ್‌ಪ್ರೆಸ್

"ನಿಮ್ಮ ಮನೆ ನನ್ನ ಮನೆ" ತೆಗೀರಿ ಗುರು. ಹಿಂದೆ ಕೂತಿರೋ ದೊಡ್ಡಪ್ಪಂದಿರು ಆಗಲೇ ಖಾತೆ ಬದಲಾವಣೆಗೆ ಬಂದವ್ನೆ ಅಂದ್ಕೋತಾರೆ.

ಗೋಮತಿಯಿಂದ ಕಾವೇರಿಗೆ

ನಾನೂ ಉತ್ತರ ಪ್ರದೇಶದವನು, ಕನ್ನಡ ಕಲಿತು ಮೈಸೂರಲ್ಲಿ ನೆಲೆಸಿದ್ದೀನಿ. ಬರೆದಿದ್ದು ಚೆನ್ನಾಗಿದೆ. ಆದರೆ ಭಾವನ ಕೈಗೆ ಕೊಡೋದು ಯಾವ ಲಿಪಿಯಲ್ಲಿ? ಅದನ್ನು ಯಾರೂ ಕೇಳಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬೇಡವೇ ಬೇಡ. 'ಮನೆ' ಅಂತ ಬರೆದರೆ ಕಣ್ಣು ಅದನ್ನು 'ಮೇನ್' ಅಂತ ಓದುತ್ತೆ. ಹ್ರಸ್ವ ಯಾವುದು ದೀರ್ಘ ಯಾವುದು ಗೊತ್ತೇ ಆಗಲ್ಲ. ನಾಗರಿ ಲಿಪಿಯಲ್ಲಿ ಬರೆಯಿರಿ.

ಪದಮೋಹಿ

ನಾಗರಿಯೇ ಸರಿ. ಕನ್ನಡದ ಹಾಗೇ ಅದೂ ಬರೆದಂತೆ ಓದುವ ಲಿಪಿ, ಸಮಸ್ಯೆ ಮುಗೀತು.

ಗೋಮತಿಯಿಂದ ಕಾವೇರಿಗೆ

ಮುಗಿಯಲಿಲ್ಲ ಸರ್, ಅಲ್ಲಿಂದಲೇ ಶುರು. ಹಿಂದಿಯಲ್ಲಿ ಪದದ ಕೊನೆಯ ಅ ಬರೆಯುತ್ತೀವಿ, ಹೇಳಲ್ಲ. 'ಮಗ' ಅಂತ ಬರೆದುಕೊಟ್ಟರೆ 'ಮಗ್' ಅಂತ ಓದುತ್ತೀವಿ. ಇನ್ನೊಂದು, ಹಿಂದಿಗೆ ಹ್ರಸ್ವ ಎ, ಹ್ರಸ್ವ ಒ ಬರೆಯುವ ಅಕ್ಷರ ಇಲ್ಲ. ಮನೆಯನ್ನು ಮನೇ ಅಂತೀವಿ, ಒಂದು ಹೋಗಿ ಓಂದು ಆಗುತ್ತೆ. ಕೊನೆಯಲ್ಲಿ ಹ್ರಸ್ವ ಇ, ಉ ಬಂದರೂ ಎಳೀತೀವಿ. 'ನಾನು' ಅನ್ನೋದನ್ನು ನಾನು ತುಂಬಾ ದಿನ 'ನಾನೂ' ಅಂತಲೇ ಹೇಳ್ತಿದ್ದೆ. ಅಂಗಡಿಯಲ್ಲಿ "ನಾನೂ ಬರ್ತೀನಿ" ಅಂದರೆ ಅಂಗಡಿಯವರು ಎಲ್ಲಿಗೆ ಅಂತ ಕೇಳೋರು.

ಸಂಜೆ ಕ್ಲಾಸಿನ ಟೀಚರ್

ಒಳಗಿನಿಂದ ನೋಡಿದವರು ಹೇಳಿದರೆ ಅದರ ತೂಕವೇ ಬೇರೆ. ಇದನ್ನಿಟ್ಟುಕೊಂಡು ತಮ್ಮನ ಕರಡು ಮತ್ತೆ ನೋಡೋಣ.

ಮೊದಲು ಕೊನೆಯ ಅ. ವಾಕ್ಯದ ನಡುವೆ ಬಂದರೆ ಯೋಚನೆ ಬೇಡ. 'ನಿನ್ನ ಮಾತು' ಅನ್ನೋದನ್ನು ಭಾವ 'ನಿನ್ ಮಾತು' ಅಂದರೆ ನಾವೂ ಮಾತಲ್ಲಿ ಹಾಗೇ ಅನ್ನೋದು. ವಾಕ್ಯದ ಕೊನೆಗೆ ಬಂದಾಗ ಮಾತ್ರ ಕೆಡುತ್ತೆ. "ನಾನು ನಿಮ್ಮ ಮಗ" ಅನ್ನೋದು "ನಿಮ್ಮ ಮಗ್" ಆಗಿ ಯಾರಿಗೂ ಅರ್ಥ ಆಗಲ್ಲ. ಅದನ್ನು "ನಿಮ್ಮ ಮಗನೇ" ಅಂತ ಮಾಡು. ಕೊನೆಯಲ್ಲಿ ದೀರ್ಘ ಬಂತು, ನುಂಗೋಕೆ ಆಗಲ್ಲ. ಅರ್ಥಕ್ಕೂ ಬಲ ಬಂತು. 'ಇಷ್ಟ' ಮೂರು ಕಡೆ ಕೊನೆಯಲ್ಲಿದೆ, ಅದು 'ಇಷ್ಟ್' ಆದರೂ ಜನಕ್ಕೆ ತಿಳಿಯುತ್ತೆ, ಬಿಡು.

ಇನ್ನು ನಾನು, ನಾನೂ. ಇದನ್ನು ತಿದ್ದೋದಕ್ಕಿಂತ ಬಳಸಿಕೊಳ್ಳೋದು ಜಾಣತನ. ಅತ್ತೆ ಮಾವನ ಮುಂದೆ "ನಾನೂ ನಿಮ್ಮ ಮಗನೇ" ಅಂತಾನೇ ಬರಿ. ಅವರು ಎಳೆದರೂ ಸರಿಯೇ, ಅಲ್ಲಿ ಬೇಕಾದ ಅರ್ಥವೇ ಅದು. "ನಾನು ಸೋತೆ" ಅನ್ನೋದು "ನಾನೂ ಸೋತೆ" ಆದರೆ ಇನ್ಯಾರು ಸೋತಿದ್ದು ಅನ್ನೋ ಪ್ರಶ್ನೆ ಬರುತ್ತೆ. "ನಾನಂತೂ ಸೋತೆ" ಅಂತ ಮಾಡು. "ನೀನು ಎಲ್ಲಿ, ನಾನು ಅಲ್ಲಿ" ಎಳೆದರೂ ಕೆಡಲ್ಲ. ಎಲ್ಲಿ ಅಲ್ಲಿ ಅಂತ ಪ್ರಾಸ ಇರೋದರಿಂದ ಮರೆತುಹೋಗಲ್ಲ, ಅಲ್ಲಿರೋದು ಸಾದಾ ಲ.

ಹಾಸನದ ತಮ್ಮ

"ನೀನು ನಕ್ಕೆ" ಕೂಡ "ನೀನೂ ನಕ್ಕೆ" ಆಗುತ್ತಲ್ಲ ಟೀಚರ್?

ಸಂಜೆ ಕ್ಲಾಸಿನ ಟೀಚರ್

ಆಗುತ್ತೆ. ಅದಕ್ಕೆ ನನಗೆ ಒಳ್ಳೆ ಉಪಾಯ ಹೊಳೀತಿಲ್ಲ. "ಮೊದಲ ದಿನವೇ ನಕ್ಕೆ" ಅಂದರೆ ನಕ್ಕಿದ್ದು ಯಾರು ಅಂತ ಗೊತ್ತಾಗಲ್ಲ, ಯಾಕಂದರೆ ನಾನು ಹೇಳಿದ ಅನುಕೂಲವೇ ಇಲ್ಲಿ ಅಡ್ಡ ಬರುತ್ತೆ.

ಮಂಡ್ಯ ಎಕ್ಸ್‌ಪ್ರೆಸ್

ಟೀಚರ್ ಜಾಸ್ತಿ ಸೂಕ್ಷ್ಮ ಮಾಡ್ತಿದ್ದೀರ. ಗಂಡು ಹೆಂಡ್ತಿ ಮುಖ ನೋಡ್ಕೊಂಡು ನೀನೂ ನಕ್ಕೆ ಅಂದ್ರೆ ಯಾರಿಗೆ ಅರ್ಥ ಆಗಲ್ಲ?

ನಾಟಕದ ಹಳೇ ಗಂಟಲು

ತಡವಾಗಿ ಬಂದೆ. ಹವ್ಯಾಸಿ ತಂಡದಲ್ಲಿ ಹುಡುಗರಿಗೆ ಮಾತು ಒಪ್ಪಿಸೋದು ಹೇಳಿಕೊಡ್ತೀನಿ, ಹಾಗಾಗಿ ಉಸಿರಿನ ಬಗ್ಗೆ ಎರಡು ಮಾತು. ಕನ್ನಡದಲ್ಲಿ ಕೆಲಸ ಏನಾಯಿತು ಅನ್ನೋದು ವಾಕ್ಯದ ತುದಿಯಲ್ಲಿ ಬರುತ್ತೆ. ಮೊದಲ ಕರಡಿನಂಥ ವಾಕ್ಯದಲ್ಲಿ ಆ ತುದಿ ಮುಟ್ಟೋವರೆಗೆ ಕೇಳುವವರೂ ಕಾಯಬೇಕು, ಓದುವವರೂ ಉಸಿರು ಉಳಿಸಿಕೊಂಡಿರಬೇಕು. ಉಸಿರು ಮುಗಿದರೆ ಕೊನೆಯ ಪದ ಸಣ್ಣಗಾಗುತ್ತೆ, ಆ ಪದವೇ ಮುಖ್ಯವಾದದ್ದು. ಹೊಸ ಕರಡಿನಲ್ಲಿ ಒಂದು ಉಸಿರಿಗೆ ಒಂದು ವಾಕ್ಯ ಇದೆ, ಅದು ಸರಿ.

ಆದರೆ ಎಲ್ಲಾ ವಾಕ್ಯ ಒಂದೇ ಅಳತೆ ಆದರೆ ಮಗ್ಗಿ ಒಪ್ಪಿಸಿದ ಹಾಗಿರುತ್ತೆ. "ಸೋತೆ" ಆದ ಮೇಲೆ ಸುಮ್ಮನೆ ನಿಲ್ಲಲಿ. ಜನ ನಗುತ್ತಾರೆ, ಶಿಳ್ಳೆ ಹೊಡೀತಾರೆ, ಅದು ತಣ್ಣಗಾದ ಮೇಲೆ "ನಿನ್ನ ಮಾತು ಇಷ್ಟ" ಶುರು ಮಾಡಲಿ. ಅಜ್ಜಿಯ ರೊಟ್ಟಿ ಆದ ಮೇಲೂ ಹಾಗೇ. ಗಲಾಟೆ ಮೇಲೆ ಓದಿದರೆ ಮುಂದಿನ ಮಾತು ಹಾಳು.

ಕಾಗದದ ಮೇಲೆ ಒಂದು ಸಾಲಿಗೆ ಒಂದೇ ವಾಕ್ಯ, ದಪ್ಪ ಅಕ್ಷರ. ನಿಲ್ಲಬೇಕಾದ ಕಡೆ ಒಂದು ಸಾಲು ಖಾಲಿ ಬಿಡಿ. ಫೋನ್ ನೋಡಿ ಓದೋದು ಬೇಡ. ನಡುವೆ ಪರದೆ ಆರಿಹೋದರೆ ಎಲ್ಲಿದ್ದೆ ಅನ್ನೋದೇ ತಪ್ಪುತ್ತೆ, ಯಾರಾದರೂ ಕಾಲ್ ಬೇರೆ ಮಾಡ್ತಾರೆ.

ಗೋಮತಿಯಿಂದ ಕಾವೇರಿಗೆ

ಕಾಗದ ಬರೀ ಜ್ಞಾಪಕಕ್ಕೆ ಇರಲಿ. ಕಲಿಯೋದು ಕಿವಿಯಿಂದ. ತಮ್ಮ ಒಂದೊಂದು ವಾಕ್ಯ ನಿಧಾನವಾಗಿ ಹೇಳಿ ರೆಕಾರ್ಡ್ ಮಾಡಿ ಕಳಿಸಲಿ, ಒಂದಕ್ಕೆ ಒಂದು ಫೈಲ್. ಭಾವ ಕಾರಲ್ಲಿ ಹೋಗ್ತಾ ಬರ್ತಾ ಕೇಳಿ ಜೊತೆಗೇ ಹೇಳಲಿ. ಅದು ಬಾಯಿಗೆ ಬಂದ ಮೇಲೆ ಕಾಗದ ಕೊಡಿ. ಮೊದಲೇ ಕೊಟ್ಟರೆ ನಾಗರಿ ಅಕ್ಷರ ನೋಡಿ ಹಿಂದಿ ಓದಿದ ಹಾಗೆ ಓದೋಕೆ ಶುರು ಮಾಡ್ತೀವಿ, ಆಮೇಲೆ ಬಿಡಿಸೋಕೆ ಆಗಲ್ಲ.

ಸಂಜೆ ಕ್ಲಾಸಿನ ಟೀಚರ್

ಪೂರ್ತಿ ಒಪ್ಪಿದೆ. ಸರಿಯಾಯಿತಾ ಅಂತ ನೋಡೋದು ಹೇಗೆ ಅಂದರೆ, ಭಾವನ ರೆಕಾರ್ಡಿಂಗನ್ನು ಈ ಬರಹ ನೋಡದೇ ಇರೋ ಯಾರಿಗಾದರೂ ಕೇಳಿಸು. ನೀನು ಬರೆದವನು, ನಿನ್ನ ಕಿವಿ ತಪ್ಪನ್ನೂ ಸರಿ ಮಾಡಿಕೊಂಡೇ ಕೇಳುತ್ತೆ. ಅವರು ಎಲ್ಲಿ "ಏನಂದರು?" ಅಂತ ಕೇಳ್ತಾರೋ ಆ ಪದ ಬದಲಾಯಿಸು. ಭಾವನಿಗೆ ಅದನ್ನೇ ಹತ್ತು ಸಲ ಹೇಳಿಸಬೇಡ.

ಹಾಸನದ ತಮ್ಮ

ಮಾಡಿದೆ. ಅಜ್ಜಿಗೆ ಕೇಳಿಸಿದರೆ ಗುಟ್ಟು ರಟ್ಟಾಗುತ್ತೆ, ಹಾಗಾಗಿ ಪಕ್ಕದ ಮನೆ ಆಂಟಿಗೆ ಕೇಳಿಸಿದೆ. ಎರಡು ಕಡೆ ನಿಲ್ಲಿಸಿದರು. "ತಪ್ಪಾದರೆ ನಗಿ" ಅನ್ನೋದು "ತಪಾದ್ರೇ ನಾಗಿ" ಅಂತ ಕೇಳಿಸಿ ಯಾವ ನಾಗಿ ಅಂದರು. ಇನ್ನೊಂದು "ಮೊದಲ ದಿನ". ಅದು "ಮೋದಲ್ ದಿನ್" ಆಗಿತ್ತು. ಅಕ್ಕಿ ರೊಟ್ಟಿಗೆ ಮಾತ್ರ ಆಂಟಿ ಜೋರಾಗಿ ನಕ್ಕರು, ಅದು ಒಂದು ಚೂರೂ ತಪ್ಪಲಿಲ್ಲ.

ಸಂಜೆ ಕ್ಲಾಸಿನ ಟೀಚರ್

ರೊಟ್ಟಿ ಅವರು ಹುಟ್ಟಿದಾಗಿನಿಂದ ಹೇಳ್ತಿರೋ ಪದ ಅಲ್ವಾ! ಟ ಅವರಿಗೂ ಇದೆ, ರೋಟಿ ಅಂದರೂ ತಿಳಿಯುತ್ತೆ. "ನಗಿ" ಬದಲು "ತಪ್ಪಾದರೆ ಸಾರಿ" ಅಂತ ಹಾಕು. ಸಾರಿ ಈಗ ಹಳ್ಳಿ ಅಜ್ಜಿಗೂ ಗೊತ್ತು. "ಮೊದಲ ದಿನ" ತೆಗೆದು "ಅವತ್ತು ಆಫೀಸಲ್ಲಿ" ಅಂತಲೋ, ಅವರು ಎಲ್ಲಿ ಸಿಕ್ಕಿದ್ದರೋ ಆ ಜಾಗದ ಹೆಸರೋ ಹಾಕು.

ಹಾಸನದ ತಮ್ಮ

ಸಿಕ್ಕಿದ್ದು ಮೆಟ್ರೋದಲ್ಲಿ. "ಮೆಟ್ರೋದಲ್ಲಿ ನೀನು ನಕ್ಕೆ. ನಾನಂತೂ ಸೋತೆ." ಸರಿ ಹೋಗುತ್ತಾ?

ಪುತ್ತೂರಿನ ಸೊಸೆ

ಮೊದಲಿನದಕ್ಕಿಂತ ಇದೇ ಚೆನ್ನಾಗಿದೆ. ಯಾವ ಸ್ಟೇಷನ್ ಅಂತಲೂ ಹೇಳಿಸಿ.

ಪದಮೋಹಿ

ಒಂದೂ ಳ ಇಲ್ಲದ ಕನ್ನಡ ಭಾಷಣವನ್ನು ನಾನಂತೂ ಒಪ್ಪಲ್ಲ. ಒಂದಾದರೂ ಕಲಿಸಿ. ತಿಂಗಳು ಇದೆಯಲ್ಲ.

ಸಂಜೆ ಕ್ಲಾಸಿನ ಟೀಚರ್

ಕಲಿಸಬಹುದು, ಬೇಡ ಅನ್ನಲ್ಲ. ಹಿಂದಿಯಲ್ಲಿ ಸಡಕ್ ಅನ್ನುವಾಗ ಡ ಹತ್ತಿರ ನಾಲಿಗೆ ಹಿಂದಕ್ಕೆ ಮಡಚುತ್ತಲ್ಲ, ಅಲ್ಲೇ ಇಟ್ಟು ಲ ಅನ್ನಿಸಿ. ಮನೆಯಲ್ಲಿ ಬರುತ್ತೆ. ಮೈಕ್ ಮುಂದೆ ಗಾಬರಿಯಲ್ಲಿ ನಾಲಿಗೆ ಹಳೇ ಜಾಗಕ್ಕೇ ಹೋಗುತ್ತೆ, ನನ್ನ ಕ್ಲಾಸಲ್ಲಿ ಎಷ್ಟೋ ಸಲ ನೋಡಿದ್ದೀನಿ. ಲ ಆದರೂ ಅರ್ಥ ಕೆಡದ ಕಡೆ ಇಟ್ಟು ನೋಡಬಹುದು. "ಎಲ್ಲರೂ ಊಟ ಮಾಡಿ ಹೋಗಿ" ಅನ್ನೋದರ ಮುಂದೆ "ಮಕ್ಕಳು ಮೊದಲು" ಅಂತ ಸೇರಿಸಿದರೆ? 'ಮಕ್ಕಲು' ಆದರೂ ಯಾರಿಗೂ ಬೇಜಾರಿಲ್ಲ.

ಗೋಮತಿಯಿಂದ ಕಾವೇರಿಗೆ

'ಮೊದಲು' ಈಗ ತಾನೇ ಆಂಟಿಗೆ ಅರ್ಥ ಆಗಿರಲಿಲ್ಲ ಟೀಚರ್.

ಸಂಜೆ ಕ್ಲಾಸಿನ ಟೀಚರ್

ಹೌದಲ್ಲ! ಹಾಗಾದರೆ ಬೇಡ.

ಧಾರವಾಡದ ಮಂದಿ

ಅದಕ್ಕ ಅಂದೆ, ಭಾಳ ಅನ್ನೋದನ್ನ ಕಲಸ್ರಿ. ಭಾಲ ಅಂದ್ರೂ ನಮ್ಮ ಮಂದಿಗೆ ತಿಳಿತದ.

ಹಾಸನದ ತಮ್ಮ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ರಾತ್ರಿ ಹೊಸ ಸಾಲುಗಳನ್ನು ರೆಕಾರ್ಡ್ ಮಾಡಿ ಕಳಿಸ್ತೀನಿ. ಟೀಚರ್, ಸ್ಟೇಷನ್ ಹೆಸರು ಮಂತ್ರಿ ಸ್ಕ್ವೇರ್ ಸಂಪಿಗೆ ರೋಡ್. ಅಷ್ಟುದ್ದ ಹೇಳಿಸಲಾ, ಬರೀ ಸಂಪಿಗೆ ರೋಡ್ ಸಾಕಾ?